ನಾಲ್ಕು ಹಂತಗಳ ಕೋಷ್ಟಕ, ಒಂದು ರೊಟ್ಟಿ

ಬೋಧನಾ ಅಭ್ಯಾಸಕ್ಕೆ ಹೋಗುವ ಪ್ರಶಿಕ್ಷಣಾರ್ಥಿಗಳ ಪಾಠ ಯೋಜನೆಗಳನ್ನು ತಿದ್ದುವುದು ನನ್ನ ಕೆಲಸದ ಒಂದು ಪಾಲು. ಈಚೆಗೆ ನಾಲ್ಕನೇ ತರಗತಿಯ ಗಣಿತದ ಯೋಜನೆಯೊಂದರಲ್ಲಿ ಈ ವಾಕ್ಯ ಕಂಡಿತು: ‘ಮಕ್ಕಳು ಮೂರ್ತ ಕಾರ್ಯಾಚರಣೆಯ ಹಂತದಲ್ಲಿರುವುದರಿಂದ ಭಿನ್ನರಾಶಿಗಳ ಹೋಲಿಕೆಯನ್ನು ಕೈಬಿಡಲಾಗಿದೆ.’ ಅದರ ಬದಲು ಅರ್ಧ ಗಂಟೆ ರಟ್ಟಿನ ವೃತ್ತಗಳಿಗೆ ಬಣ್ಣ ಹಚ್ಚುವ ಚಟುವಟಿಕೆ ಇತ್ತು. ಬರೆದಾಕೆ ಚುರುಕಾದ ಹುಡುಗಿ, ಸೋಮಾರಿತನದಿಂದ ಹೀಗೆ ಬರೆದದ್ದಲ್ಲ. ನಾವು ಕಲಿಸಿದ್ದನ್ನೇ ನಂಬಿ ಬರೆದಿದ್ದಳು.

ನಾವು ಕಲಿಸಿದ್ದು ವಯಸ್ಸಿನೊಂದಿಗೆ ಮಕ್ಕಳ ಯೋಚನೆ ಬೆಳೆಯುವ ಹಂತಗಳನ್ನು ಹೇಳುವ ಕೋಷ್ಟಕವನ್ನು, ಸ್ವಿಸ್ ಮನೋವಿಜ್ಞಾನಿ ಜೀನ್ ಪಿಯಾಜೆಯದನ್ನು. ಹುಟ್ಟಿನಿಂದ 2 ವರ್ಷದವರೆಗೆ ಸಂವೇದನಾ ಚಾಲಕ ಹಂತ, 2ರಿಂದ 7 ಕಾರ್ಯಾಚರಣೆ ಪೂರ್ವ ಹಂತ, 7ರಿಂದ 11 ಮೂರ್ತ ಕಾರ್ಯಾಚರಣೆಯ ಹಂತ, ಆಮೇಲೆ ಅಮೂರ್ತ ಅಥವಾ ಔಪಚಾರಿಕ ಹಂತ. ಶಿಕ್ಷಕರ ಅರ್ಹತಾ ಪರೀಕ್ಷೆಗೆ ಕೂರುವ ಯಾರನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಈ ವಯಸ್ಸುಗಳನ್ನು ಹೇಳುತ್ತಾರೆ. ತೊಂದರೆ ಈ ಕೋಷ್ಟಕ ಸುಳ್ಳು ಎಂಬುದಲ್ಲ. ಮಗು ಎಂಥ ತಪ್ಪು ಮಾಡಬಹುದು ಎಂದು ಊಹಿಸಲು ನೆರವಾಗುವ ಪಟ್ಟಿಯನ್ನು ನಾವು ಮಗುವಿಗೆ ಏನನ್ನು ಕಲಿಸಬಾರದು ಎಂಬ ಪಟ್ಟಿಯಾಗಿ ಓದುತ್ತಿದ್ದೇವೆ.

ಪಿಯಾಜೆ ಈ ದಾರಿಗೆ ಬಂದದ್ದೇ ತಪ್ಪು ಉತ್ತರಗಳ ಬೆನ್ನು ಹತ್ತಿ. ಪ್ಯಾರಿಸ್‌ನಲ್ಲಿ ಮಕ್ಕಳ ಬುದ್ಧಿಪರೀಕ್ಷೆಯ ಪ್ರಶ್ನೆಗಳ ಮೇಲೆ ಕೆಲಸ ಮಾಡುತ್ತಿದ್ದಾಗ, ಎಷ್ಟು ಸರಿ ಎಂದು ಎಣಿಸುವುದಕ್ಕಿಂತ ಒಂದೇ ವಯಸ್ಸಿನ ಮಕ್ಕಳು ಒಂದೇ ಬಗೆಯಲ್ಲಿ ತಪ್ಪುವುದು ಏಕೆ ಎಂಬುದು ಆತನನ್ನು ಕಾಡಿತು. ಆಮೇಲೆ ಜಿನೀವಾದಲ್ಲಿ ದಶಕಗಳ ಕಾಲ ಮಕ್ಕಳ ಎದುರು ಕೂತು ‘ಹೇಗೆ ಗೊತ್ತಾಯಿತು?’ ಎಂದು ಕೇಳುತ್ತಲೇ ಹೋದ. ಆತನ ಪ್ರಸಿದ್ಧ ಪ್ರಯೋಗಗಳಲ್ಲಿ ಒಂದನ್ನು ನಾನು ಹುಣಸೆ ಬೀಜಗಳಿಂದ ಮಾಡಿ ತೋರಿಸುತ್ತೇನೆ. ಆರು ಬೀಜಗಳ ಎರಡು ಸಾಲುಗಳನ್ನು ಎದುರುಬದುರಾಗಿ ಜೋಡಿಸಿ, ಎರಡರಲ್ಲೂ ಸಮವಾಗಿವೆಯೇ ಎಂದು ಐದು ವರ್ಷದ ಮಗುವನ್ನು ಕೇಳಬೇಕು. ಹೌದು ಎನ್ನುತ್ತದೆ. ಅದರ ಕಣ್ಣೆದುರೇ ಒಂದು ಸಾಲನ್ನು ಅಗಲಿಸಿ ಮತ್ತೆ ಕೇಳಬೇಕು. ಬಹಳಷ್ಟು ಮಕ್ಕಳು ಉದ್ದನೆಯ ಸಾಲಿನಲ್ಲಿ ಹೆಚ್ಚಿವೆ ಎನ್ನುತ್ತಾರೆ. ಜೋಡಣೆ ಬದಲಾದರೂ ಸಂಖ್ಯೆ ಬದಲಾಗುವುದಿಲ್ಲ ಎಂಬ ಸಂರಕ್ಷಣೆಯ ತಿಳಿವಳಿಕೆ ಇನ್ನೂ ಬಂದಿಲ್ಲ ಎಂಬುದು ಪಿಯಾಜೆಯ ತೀರ್ಮಾನ.

ಆದರೆ ಇಲ್ಲಿ ಒಂದೇ ಪ್ರಶ್ನೆಯನ್ನು ಎರಡು ಬಾರಿ ಕೇಳಲಾಗಿದೆ. ನಮ್ಮ ಶಾಲೆಗಳಲ್ಲಿ ಮೇಷ್ಟ್ರು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರೆ ಏನರ್ಥ? ಮೊದಲು ಹೇಳಿದ್ದು ತಪ್ಪು, ಬೇರೆ ಉತ್ತರ ಹೇಳು ಎಂದೇ ಅರ್ಥ. ಒಂದನೇ ತರಗತಿಯ ಮೊದಲ ತಿಂಗಳಲ್ಲೇ ಮಕ್ಕಳು ಇದನ್ನು ಕಲಿತಿರುತ್ತಾರೆ. 1974ರಲ್ಲಿ ಸೂಸನ್ ರೋಸ್ ಮತ್ತು ಮೇರಿಯನ್ ಬ್ಲ್ಯಾಂಕ್ ಮೊದಲ ಪ್ರಶ್ನೆಯನ್ನು ಬಿಟ್ಟು, ಸಾಲನ್ನು ಬದಲಿಸಿದ ಮೇಲೆ ಒಂದೇ ಸಲ ಕೇಳಿದರು. ಸರಿ ಉತ್ತರಗಳು ಹೆಚ್ಚಿದವು. ಅದೇ ವರ್ಷ ಜೇಮ್ಸ್ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಸ್ಕಾಟ್ಲೆಂಡಿನಲ್ಲಿ ಇನ್ನೊಂದು ಉಪಾಯ ಹೂಡಿದರು. ದೊಡ್ಡವರು ಗಂಭೀರವಾಗಿ ಸಾಲನ್ನು ಅಗಲಿಸುವ ಬದಲು, ಪೆಟ್ಟಿಗೆಯಿಂದ ಹೊರಬಂದ ತುಂಟ ಕರಡಿ ಬೊಂಬೆಯೊಂದು ಆಟ ಕೆಡಿಸಿದಂತೆ ಸಾಲನ್ನು ಚೆಲ್ಲಾಪಿಲ್ಲಿ ಮಾಡುತ್ತಿತ್ತು. ನಾಲ್ಕರಿಂದ ಆರು ವರ್ಷದ 80 ಮಕ್ಕಳ ಪೈಕಿ ಮಾಮೂಲಿ ರೀತಿಯಲ್ಲಿ ಕೇಳಿದಾಗ 13 ಮಕ್ಕಳು ಸರಿಯಾಗಿ ಹೇಳಿದ್ದರೆ, ಕರಡಿ ಕೆಡಿಸಿದಾಗ 50 ಮಕ್ಕಳು ಸರಿಯಾಗಿ ಹೇಳಿದರು. ಸಾಲುಗಳು ಅವೇ, ಮಕ್ಕಳೂ ಅವರೇ. ಬದಲಾದದ್ದು ದೊಡ್ಡವರು ಏನನ್ನು ಕೇಳುತ್ತಿದ್ದಾರೆ ಎಂಬ ಬಗ್ಗೆ ಮಕ್ಕಳ ಊಹೆ.

ಕರಡಿಯ ಕಥೆಯನ್ನು ಹೇಳಿದಾಗಲೆಲ್ಲ ತರಗತಿಯಲ್ಲಿ ಪಿಯಾಜೆ ಸೋತ ಎಂಬ ಖುಷಿ ಏಳುತ್ತದೆ. ಅಷ್ಟು ಬೇಗ ಬೀಗಬಾರದು. ಕರಡಿ ನಿಜವಾಗಿಯೂ ಒಂದನ್ನು ಹೆಚ್ಚಿಗೆ ಇಟ್ಟರೂ ಕೆಲವು ಮಕ್ಕಳು ‘ಸಮ’ ಎಂದೇ ಹೇಳಿದರೆ, ಅವರು ಸಾಲನ್ನು ನೋಡದೆ ಬೊಂಬೆಯನ್ನು ನೋಡುತ್ತಿದ್ದರು ಎಂದಾಗುತ್ತದೆ. ಆಮೇಲೆ ಈ ಅನುಮಾನವನ್ನು ಪರೀಕ್ಷಿಸಿದ ಸಂಶೋಧಕರಿಗೆ ಹಾಗೆಯೇ ಕಂಡಿತು. ಆದ್ದರಿಂದ ಐದರ ಮಗುವಿಗೆ ಎಲ್ಲವೂ ಗೊತ್ತು ಎಂದು ಇದರಿಂದ ಸಾಬೀತಾಗುವುದಿಲ್ಲ. ಒಂದೇ ಪ್ರಶ್ನೆಯನ್ನು ಒಂದೇ ರೀತಿ ಕೇಳಿ ಮಗುವನ್ನು ಒಂದು ಹಂತದ ಪೆಟ್ಟಿಗೆಯೊಳಗೆ ಹಾಕಲಾಗದು ಎಂಬುದಷ್ಟೇ ಗಟ್ಟಿ.

ಪೆಟ್ಟಿಗೆಯ ಗೋಡೆಗಳೂ ಅಷ್ಟೇನೂ ಗಟ್ಟಿಯಲ್ಲ. ಸಂಖ್ಯೆಯ ಸಂರಕ್ಷಣೆ ಆರರ ಸುಮಾರಿಗೆ ಬರುತ್ತದೆ, ತೂಕದ್ದು ಒಂಬತ್ತರ ಹೊತ್ತಿಗೆ, ವಸ್ತು ನೀರಿನಲ್ಲಿ ಮುಳುಗಿದಾಗ ಅದು ಹಿಡಿಯುವ ಜಾಗದ್ದು ಹನ್ನೊಂದರ ಆಚೆಗೆ. ಈ ಏರುಪೇರನ್ನು ಗುರುತಿಸಿ ಹೆಸರಿಟ್ಟವನು ಪಿಯಾಜೆಯೇ. ಆದರೆ ನಮ್ಮ ಕೋಷ್ಟಕದಲ್ಲಿ ಅದಕ್ಕೆ ಸಾಲು ಸಿಕ್ಕಿಲ್ಲ. 1969ರಲ್ಲಿ ಮೆಕ್ಸಿಕೋದ ಕುಂಬಾರರ ಮಕ್ಕಳನ್ನು ಪರೀಕ್ಷಿಸಿದವರು, ಜೇಡಿಮಣ್ಣಿನ ಆಕಾರ ಬದಲಿಸಿದರೆ ಮಣ್ಣಿನ ಪ್ರಮಾಣ ಬದಲಾಗದು ಎಂಬುದು ಅವರಿಗೆ ಇತರ ಮಕ್ಕಳಿಗಿಂತ ಚೆನ್ನಾಗಿ ಗೊತ್ತಿದ್ದುದನ್ನು ಕಂಡರು. ಕೈ ಆಡಿದ ವಿಷಯದಲ್ಲಿ ತಲೆ ಮುಂದೆ ಹೋಗಿರುತ್ತದೆ. ಒಬ್ಬನೇ ಹುಡುಗ ಒಂದೇ ದಿನ ಒಂದು ವಿಷಯದಲ್ಲಿ ಮೂರನೇ ಹಂತದಲ್ಲಿ, ಇನ್ನೊಂದರಲ್ಲಿ ಎರಡನೆಯದರಲ್ಲಿ ಇರುತ್ತಾನೆ ಎಂದ ಮೇಲೆ ಮೂವತ್ತು ಮಕ್ಕಳ ತರಗತಿಗೆ ಒಂದು ಹಂತದ ಹೆಸರು ಬರೆದು ಯೋಜನೆ ಮಾಡುವುದು ಹೇಗೆ?

ಇನ್ನೊಂದು ತಪ್ಪಿಗೆ ನಮ್ಮ ಅನುವಾದವೂ ಸ್ವಲ್ಪ ಕಾರಣ. ‘ಮೂರ್ತ’ ಎಂದ ಕೂಡಲೇ ಕೈಗೆ ಸಿಗುವ ವಸ್ತು ಎಂದು ಅರ್ಥ ಮಾಡಿಕೊಂಡು ಕಡ್ಡಿ, ಕಲ್ಲು, ರಟ್ಟು ಜೋಡಿಸಲು ಹೊರಡುತ್ತೇವೆ. ಪಿಯಾಜೆ ಹೇಳುತ್ತಿದ್ದುದು ಮನಸ್ಸಿನ ಕ್ರಿಯೆಯ ಬಗ್ಗೆ. ಅಗಲಿಸಿದ ಸಾಲನ್ನು ಮನಸ್ಸಿನಲ್ಲೇ ಮತ್ತೆ ಮೊದಲಿನಂತೆ ಕೂಡಿಸಿ ನೋಡುವುದು, ಉದ್ದ ಹೆಚ್ಚಿದೆ ಆದರೆ ನಡುವಿನ ಜಾಗವೂ ಹೆಚ್ಚಿದೆ ಎಂದು ಎರಡನ್ನೂ ಒಟ್ಟಿಗೆ ಹಿಡಿಯುವುದು. ಯಾವುದರ ಬಗ್ಗೆ ಯೋಚಿಸಬೇಕೋ ಅದು ಮಗುವಿಗೆ ಕಲ್ಪಿಸಿಕೊಳ್ಳಬಲ್ಲ ನಿಜ ಸನ್ನಿವೇಶವಾಗಿದ್ದರೆ ಸಾಕು, ಮುಟ್ಟಲೇಬೇಕಿಲ್ಲ. ರಟ್ಟಿಗೆ ಬಣ್ಣ ಹಚ್ಚುವ ಮಗು ಕೈಯಲ್ಲಿ ವಸ್ತು ಹಿಡಿದೂ ಯಾವ ಕಾರ್ಯಾಚರಣೆಯನ್ನೂ ಮಾಡದೆ ಇರಬಹುದು.

ಈಗ ಆ ನಾಲ್ಕನೇ ತರಗತಿಗೆ ಬರೋಣ. ಯೋಜನೆಯನ್ನು ತಿದ್ದುವ ಮೊದಲು ಇಬ್ಬರೂ ಹೋಗಿ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಮಾತನಾಡಿಸಿದೆವು. ಮೊದಲ ಸಾಲಿನ ಹುಡುಗಿಯನ್ನು ಕೇಳಿದೆ: ‘ಒಂದು ರೊಟ್ಟಿಯನ್ನು ಒಂದು ಕಡೆ ಮೂವರು ಸಮವಾಗಿ ಹಂಚಿಕೊಂಡರು, ಅಷ್ಟೇ ದೊಡ್ಡ ರೊಟ್ಟಿಯನ್ನು ಇನ್ನೊಂದು ಕಡೆ ನಾಲ್ವರು ಹಂಚಿಕೊಂಡರು. ನೀನು ಎಲ್ಲಿ ಕೂರುತ್ತೀಯಮ್ಮ?’

‘ಮೂವರಿದ್ದಲ್ಲಿ, ಸರ್.’

‘ಯಾಕೆ?’

‘ಇನ್ನೊಬ್ಬರು ಬಂದರೆ ನಮ್ಮ ಚೂರು ಚಿಕ್ಕದಾಗುತ್ತದೆ.’

ಉತ್ತರಕ್ಕೆ ಎರಡು ಸೆಕೆಂಡು ಕೂಡ ಬೇಕಾಗಲಿಲ್ಲ. ಆಮೇಲೆ ಹಲಗೆಯ ಮೇಲೆ 1/3 ಮತ್ತು 1/4 ಬರೆದು ಯಾವುದು ದೊಡ್ಡದು ಎಂದೆ. ಅದೇ ಹುಡುಗಿ 1/4 ತೋರಿಸಿದಳು. ‘ಮೂರಕ್ಕಿಂತ ನಾಲ್ಕು ದೊಡ್ಡದಲ್ಲವೇ ಸರ್.’ ಪಕ್ಕದ ಹುಡುಗ ದಿನವೂ ಅಂಗಡಿಗೆ ಹೋಗುವವನು. ಅರ್ಧ ಕೆಜಿಗಿಂತ ಕಾಲು ಕೆಜಿ ಕಡಿಮೆ ಎಂಬುದರಲ್ಲಿ ಅವನಿಗೆ ಸಂಶಯವೇ ಇರಲಿಲ್ಲ, ಆದರೆ 1/2 ಮತ್ತು 1/4ರ ಮುಂದೆ ಅವನೂ ನಾಲ್ಕನ್ನೇ ಆರಿಸಿದ.

ಹೆಚ್ಚು ಪಾಲುದಾರರಾದಷ್ಟೂ ಪಾಲು ಕಿರಿದಾಗುತ್ತದೆ ಎಂಬ ವಿಲೋಮ ಸಂಬಂಧ ಆ ಮಕ್ಕಳ ತಲೆಯಲ್ಲಿದೆ ಎಂದ ಮೇಲೆ ಹೋಲಿಕೆಗೆ ಬೇಕಾದ ಯೋಚನಾಶಕ್ತಿ ಬಂದಿಲ್ಲ ಎನ್ನುವಂತಿಲ್ಲ. ಅಡ್ಡ ಬಂದದ್ದು ಅವರು ಮೂರು ವರ್ಷ ಚೆನ್ನಾಗಿ ಕಲಿತ ಪೂರ್ಣಸಂಖ್ಯೆಗಳ ನಿಯಮ. ದೊಡ್ಡ ಅಂಕಿ ಎಂದರೆ ದೊಡ್ಡ ಬೆಲೆ ಎಂಬುದು ಇಲ್ಲಿಯವರೆಗೆ ಅವರನ್ನು ಕೈಬಿಟ್ಟಿರಲಿಲ್ಲ. ಹಂತ ಬೆಳೆಯಲಿ ಎಂದು ಒಂದು ವರ್ಷ ಕಾದರೆ ಈ ನಿಯಮವೇ ಇನ್ನೂ ಬಲವಾಗುತ್ತದೆ. ಆದ್ದರಿಂದ ಮಾಡಬೇಕಾದ ಕೆಲಸ ಅಂಕಿಗೂ ರೊಟ್ಟಿಗೂ ನಂಟು ಹಾಕುವುದು. 1/4 ಬರೆದಾಗಲೆಲ್ಲ ‘ಒಂದು ರೊಟ್ಟಿ, ನಾಲ್ಕು ಜನ’ ಎಂದು ಓದಿಸಿದೆವು. ಅಂಗಡಿಯ ಹುಡುಗ ‘ಕಾಲು’ ಪದವನ್ನು ಅದರ ಕೆಳಗೆ ಬರೆದ. ಎರಡನೇ ದಿನದ ಹೊತ್ತಿಗೆ 1/5 ಮತ್ತು 1/8ನ್ನು ಚಿತ್ರವಿಲ್ಲದೆಯೇ ಹೋಲಿಸುವವರು ಅರ್ಧಕ್ಕಿಂತ ಹೆಚ್ಚಿದ್ದರು.

ಇಲ್ಲಿ ಒಂದು ಬಲೆ ಇದೆ. ಉತ್ಸಾಹದಲ್ಲಿ ಪ್ರಶಿಕ್ಷಣಾರ್ಥಿ 2/3 ಮತ್ತು 3/4 ಕೊಟ್ಟಳು. ತರಗತಿಗೆ ತರಗತಿಯೇ 3/4 ಎಂದಿತು, ಅವಳ ಮುಖ ಅರಳಿತು. ಆದರೆ ಇಲ್ಲಿ ಮೂರು ಎರಡಕ್ಕಿಂತ ದೊಡ್ಡದು, ನಾಲ್ಕು ಮೂರಕ್ಕಿಂತ ದೊಡ್ಡದು ಎಂಬ ಹಳೆಯ ನಿಯಮವೂ ಅದೇ ಉತ್ತರ ಕೊಡುತ್ತದೆ. ಪೂರ್ತಿಯಾಗಲು ಒಂದರಲ್ಲಿ 1/3, ಇನ್ನೊಂದರಲ್ಲಿ ಅದಕ್ಕಿಂತ ಚಿಕ್ಕದಾದ 1/4 ಉಳಿದಿದೆ ಎಂದು ಯೋಚಿಸಿದವರಾರು, ಅಂಕಿ ನೋಡಿ ಹೇಳಿದವರಾರು ಎಂಬುದು ಈ ಪ್ರಶ್ನೆಯಿಂದ ತಿಳಿಯದು. ತಪ್ಪು ನಿಯಮ ತಪ್ಪು ಉತ್ತರಕ್ಕೇ ಒಯ್ಯುವ ಜೋಡಿ ಬೇಕು: 1/2 ಮತ್ತು 3/8. ಇಲ್ಲಿ ಅಂಕಿ ನೋಡುವವರು 3/8 ಎನ್ನುತ್ತಾರೆ. ಎಂಟರ ಅರ್ಧ ನಾಲ್ಕು, ಮೂರು ಅದಕ್ಕಿಂತ ಕಡಿಮೆ ಎಂದು ಕಂಡವರು 1/2 ಎನ್ನುತ್ತಾರೆ. ಆ ದಿನ ಮೂವತ್ತರಲ್ಲಿ ಒಂಬತ್ತು ಮಕ್ಕಳು 1/2 ಎಂದರು. ರೊಟ್ಟಿಯ ಹುಡುಗಿ ಆ ಒಂಬತ್ತರಲ್ಲಿ ಇರಲಿಲ್ಲ. ಒಂದರ ಬದಲು ಮೂರು ಚೂರು ಬಂದ ಕೂಡಲೇ ಅವಳ ‘ಇನ್ನೊಬ್ಬರು ಬಂದರೆ’ ಸಾಕಾಗಲಿಲ್ಲ.

ಎರಡನೇ ಬಾರಿ ಬರೆದ ಯೋಜನೆಯಲ್ಲಿ ಹಂತದ ಹೆಸರು ಇರಲಿಲ್ಲ. ಅದರ ಜಾಗದಲ್ಲಿ ಮೂರು ಸಂಗತಿಗಳಿದ್ದವು: ಈ ವಿಷಯದಲ್ಲಿ ಮಕ್ಕಳು ಈಗಾಗಲೇ ಏನು ಮಾಡಬಲ್ಲರು, ಯಾವ ಹಳೆಯ ನಿಯಮ ಅಡ್ಡ ಬರಬಹುದು, ಅದು ಬಂದಿದೆ ಎಂದು ಯಾವ ಪ್ರಶ್ನೆಯಿಂದ ತಿಳಿಯುತ್ತದೆ. ಬರೆಯಲು ಹೆಚ್ಚು ಹೊತ್ತು ಹಿಡಿಯುತ್ತದೆ, ಪ್ರತಿ ಪಾಠಕ್ಕೂ ಇದು ಆಗದ ಮಾತು ಎಂದು ಅವಳು ತಕರಾರು ತೆಗೆದಳು. ಅದು ನ್ಯಾಯವೇ. ಘಟಕಕ್ಕೆ ಒಂದು ಸಲ, ಅದೂ ಮಕ್ಕಳು ಪ್ರತಿ ವರ್ಷ ಎಡವುವ ಘಟಕಗಳಿಗೆ ಮಾತ್ರ ಮಾಡು ಎಂದೆ. ಪಿಯಾಜೆಯನ್ನು ಪೂರ್ತಿ ಬಿಡಬೇಕೇ ಎಂದು ಕೇಳಿದಳು. ಬಿಡಬಾರದು, ‘ಯಾಕೆ?’ ಎಂದು ಕೇಳಿ ಮಗು ಹೇಳುವವರೆಗೆ ಸುಮ್ಮನಿರುವುದನ್ನು ಆತನಿಂದಲೇ ಕಲಿಯಬೇಕು. ಮರುವಾರ ಅವಳ ಪುಸ್ತಕದಲ್ಲಿ 1/2 ಮತ್ತು 3/8ರ ಪಕ್ಕ ಇಪ್ಪತ್ತೊಂದು ಮಕ್ಕಳ ಹೆಸರು, ಪ್ರತಿ ಹೆಸರಿನ ಮುಂದೆ ಆ ಮಗು ಕೊಟ್ಟ ಕಾರಣ ಬರೆದಿತ್ತು. ಅದರಲ್ಲಿ ನಾಲ್ಕು ಬಗೆಯ ತಪ್ಪುಗಳಿದ್ದವು. ಮಕ್ಕಳ ವಯಸ್ಸು ಮಾತ್ರ ಒಂದೇ.