ಬೀಡಿನ ಕಾವಲಿ: ನಡುವೆ ತುಕ್ಕು, ಅಂಚಿಗೆ ಅಂಟು

ಮಳೆಗಾಲದಲ್ಲಿ ಎರಡು ತಿಂಗಳು ಊರಲ್ಲಿದ್ದು ಬಂದು ಕಪಾಟು ತೆಗೆದರೆ, ನಮ್ಮ ಬೀಡಿನ ದೋಸೆ ಕಾವಲಿಯ ಗುರುತೇ ಸಿಗಲಿಲ್ಲ. ನಡುವೆ ಕಿತ್ತಳೆ ಬಣ್ಣದ ತುಕ್ಕು. ಅಂಚಿನ ಸುತ್ತ ಕಂದು ಅಂಟು, ಬೆರಳಿಟ್ಟರೆ ಹಲಸಿನ ಮೇಣದ ಹಾಗೆ ಹಿಡಿದುಕೊಳ್ಳುತ್ತಿತ್ತು. ತುಕ್ಕು ಬರದಿರಲಿ ಅಂತಲೇ ಹೊರಡುವ ಮುಂಚೆ ಧಾರಾಳವಾಗಿ ಎಣ್ಣೆ ಸವರಿಟ್ಟಿದ್ದೆ.

ತುಕ್ಕು, ಅಂಟು ಎರಡಕ್ಕೂ ಗಾಳಿಯ ಆಮ್ಲಜನಕವೇ ಕಾರಣ. ಅದು ನೀರಿನ ಜೊತೆ ಸೇರಿ ಕಬ್ಬಿಣವನ್ನು ಹಿಡಿದರೆ ತುಕ್ಕು. ಎಣ್ಣೆಯನ್ನು ಹಿಡಿದು ಕೆಲಸ ಅರ್ಧಕ್ಕೆ ನಿಂತರೆ ಅಂಟು. ಅದೇ ಕೆಲಸ ಬಿಸಿಯಲ್ಲಿ ಪೂರ್ತಿಯಾದರೆ ನಮಗೆ ಬೇಕಾದ ಕಪ್ಪು ಹೊಳಪು ಪದರ. ಕಾವಲಿ ಪಳಗಿಸುವುದು ಅಂದರೆ ಇದೇ. ಎಣ್ಣೆಯ ಸಣ್ಣ ಅಣುಗಳು ಒಂದಕ್ಕೊಂದು ಕೈ ಹಿಡಿದು ಬಲೆಯಾಗುತ್ತವೆ, ಕಬ್ಬಿಣಕ್ಕೆ ಅಂಟಿ ಗಟ್ಟಿಯಾಗುತ್ತವೆ. ಚಿತ್ರಕಾರರ ಅಗಸೆ ಎಣ್ಣೆಯ ಬಣ್ಣ ಒಣಗುವುದೂ ಹೀಗೆಯೇ.

ಹಾಗಾದರೆ ನನ್ನ ಕಾವಲಿಯ ನಡುವೆ ಮಾತ್ರ ಯಾಕೆ ತುಕ್ಕು ಬಂತು? ಊರಿಗೆ ಹೊರಡುವ ವಾರ ಅದರಲ್ಲಿ ಟೊಮೆಟೊ ಗೊಜ್ಜು ಕುದಿಸಿದ್ದೆ. ಹುಳಿ ನಿಂತಷ್ಟು ಜಾಗದಲ್ಲಿ ಪದರ ಸವೆದಿತ್ತು. ಅದರ ಮೇಲೆ, ಸರಿಯಾಗಿ ಒಣಗಿಸದೆ ಎಣ್ಣೆ ಹಚ್ಚಿದ್ದೆ. ಬೀಡಿನ ಸಣ್ಣ ತಗ್ಗುಗಳಲ್ಲಿ ನೀರು ಉಳಿದುಕೊಂಡಿತು. ತುಕ್ಕಿನ ಕಷ್ಟ ಏನೆಂದರೆ, ಅದು ಕಬ್ಬಿಣಕ್ಕೆ ಹೊದಿಕೆಯಾಗುವುದಿಲ್ಲ. ಪುಡಿಪುಡಿಯಾಗಿ ಬಿರುಕು ಬಿಟ್ಟು, ತೇವ ಹಿಡಿದಿಟ್ಟು, ಕೆಳಗಿನ ಕಬ್ಬಿಣವನ್ನೂ ತಿನ್ನುತ್ತಾ ಹೋಗುತ್ತದೆ.

ಮೊದಲು ತೆಗೆಯಬೇಕಾದ್ದು ಅಂಟು. ತುಕ್ಕಿಗೆ ಮದ್ದು ಹುಳಿ, ಆದರೆ ಹುಳಿಗೆ ಎಣ್ಣೆಯಂಟು ಬಗ್ಗುವುದಿಲ್ಲ. ಅದಕ್ಕೆ ಸೋಡಾ ಬೇಕು. ದೊಡ್ಡ ಬಕೆಟ್ಟಿನಲ್ಲಿ ಬಿಸಿನೀರಿಗೆ ಒಂದು ಹಿಡಿ ವಾಷಿಂಗ್ ಸೋಡಾ ಹಾಕಿ, ಕೈಗವಸು ಹಾಕಿಕೊಂಡು ಕಾವಲಿಯನ್ನು ಅರ್ಧ ಗಂಟೆ ಮುಳುಗಿಸಿದೆ. ಅಂಟು ಮೆತ್ತಗಾಯಿತು. ಆಮೇಲೆ ಸ್ಟೀಲ್ ಸ್ಕ್ರಬ್ಬರ್‌ನಿಂದ ಉಜ್ಜಿ, ಸೋಪಿನಿಂದ ತೊಳೆದೆ.

ತುಕ್ಕಿಗೆ ಅಡುಗೆಯ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಕಾವಲಿಯನ್ನು ಅದರಲ್ಲಿ ಇಟ್ಟೆ. ಇಲ್ಲಿ ಕಣ್ಣು ತಪ್ಪಬಾರದು. ತುಕ್ಕು ಕರಗಿದ ಮೇಲೆ ಹುಳಿ ಕಬ್ಬಿಣವನ್ನೇ ತಿನ್ನಲು ಶುರುಮಾಡುತ್ತದೆ. ಬರಿ ಕಬ್ಬಿಣದ ಮೇಲೆ ಸಣ್ಣ ಗುಳ್ಳೆಗಳು ಏಳುತ್ತಿದ್ದರೆ ಸಾಕಾಯಿತು ಅಂತ ಅರ್ಥ. ನಾನು ಇಪ್ಪತ್ತು ನಿಮಿಷಕ್ಕೊಮ್ಮೆ ತೆಗೆದು ಉಜ್ಜಿ ನೋಡಿದೆ. ಎರಡನೇ ಸಲಕ್ಕೆ ಮುಗಿಯಿತು. ರಾತ್ರಿಯಿಡೀ ನೆನೆಸಿಟ್ಟರೆ ಮೈಯೆಲ್ಲ ಗುಳಿ ಬೀಳುತ್ತದೆ, ಹಾಗೆ ಮಾತ್ರ ಮಾಡಬೇಡಿ.

ಈಗ ಬೂದು ಬಣ್ಣದ ಬರಿ ಕಬ್ಬಿಣ ಕಾಣುತ್ತದೆ. ಅದನ್ನು ಹಾಗೇ ಬಿಟ್ಟು ಫೋನ್ ತೆಗೆದುಕೊಳ್ಳಲು ಹೋದರೆ, ಬರುವಷ್ಟರಲ್ಲಿ ಮತ್ತೆ ಕೇಸರಿ ಛಾಯೆ ಮೂಡಿರುತ್ತದೆ. ಅದಕ್ಕೇ ತೊಳೆದ ಕೂಡಲೇ ಒರೆಸಿ, ಸಣ್ಣ ಉರಿಯ ಮೇಲೆ ಐದು ನಿಮಿಷ ಇಡಬೇಕು. ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆಗೆ ಕೇಸರಿ ಹತ್ತಿದರೆ ಇನ್ನೂ ತುಕ್ಕಿದೆ. ಕಪ್ಪು ಹತ್ತಿದರೆ ಚಿಂತೆಯಿಲ್ಲ.

ಯಾವ ಎಣ್ಣೆ? ನಮ್ಮ ಕರಾವಳಿಯಲ್ಲಿ ಕೈಗೆ ಸಿಗುವುದು ತೆಂಗಿನೆಣ್ಣೆ. ಆದರೆ ಅಣುಗಳು ಕೈ ಹಿಡಿಯಲು ಬೇಕಾದ ಜೋಡಿ ಬಂಧಗಳು ಅದರಲ್ಲಿ ಬಹಳ ಕಡಿಮೆ. ಹಾಗಾಗಿ ದೋಸೆ ಹೊಯ್ಯಲು ಚೆನ್ನ, ಪದರ ಕಟ್ಟಲು ಅಷ್ಟಕ್ಕಷ್ಟೇ. ಸೂರ್ಯಕಾಂತಿ ಎಣ್ಣೆ ಒಳ್ಳೆಯದು. ಅಗಸೆ ಎಣ್ಣೆ ಎಲ್ಲಕ್ಕಿಂತ ಗಟ್ಟಿಯಾಗುತ್ತದೆ, ಆದರೆ ಚಕ್ಕೆಯಾಗಿ ಏಳುವ ತೊಂದರೆ ಇದೆ.

ಬೆಚ್ಚಗಿರುವ ಕಾವಲಿಗೆ ಅರ್ಧ ಚಮಚ ಎಣ್ಣೆ ಸವರಿ. ಈಗ ಒಣ ಹತ್ತಿ ಬಟ್ಟೆ ತೆಗೆದುಕೊಂಡು, ಎಣ್ಣೆ ಹಚ್ಚಿದ್ದೇ ತಪ್ಪಾಯಿತು ಅನ್ನುವಂತೆ ಪೂರ್ತಿ ಒರೆಸಿಬಿಡಿ. ಇಷ್ಟೂ ಕೆಲಸದಲ್ಲಿ ಜಾಸ್ತಿ ಜನ ಎಡವುವುದು ಇಲ್ಲೇ. ಎಣ್ಣೆ ದಪ್ಪವಾದರೆ ಮೇಲಿನ ತೊಗಲು ಮಾತ್ರ ಗಟ್ಟಿಯಾಗಿ ಒಳಗಿನದು ಹಸಿಯಾಗಿಯೇ ಉಳಿಯುತ್ತದೆ, ಮತ್ತೆ ಅದೇ ಅಂಟು. ಒರೆಸಿದ ಮೇಲೆ ಕಣ್ಣಿಗೆ ಒಣಗಿದಂತೆ ಕಂಡರೂ ತೆಳುವಾದ ಪದರ ಉಳಿದೇ ಇರುತ್ತದೆ.

ಕಿಟಕಿ ತೆರೆದು, ಮಧ್ಯಮ ಉರಿಯಲ್ಲಿಡಿ. ತೆಳು ಹೊಗೆ ಏಳುತ್ತದೆ. ಅದು ಪೂರ್ತಿ ನಿಲ್ಲುವವರೆಗೂ ಕಾಯಿರಿ. ಗ್ಯಾಸಿನ ಉರಿ ನಡುವೆ ಮಾತ್ರ ತಾಗುವುದರಿಂದ ಕಾವಲಿಯನ್ನು ಆಗಾಗ ಪಕ್ಕಕ್ಕೆ ಸರಿಸುತ್ತಾ ಇರಬೇಕು. ನನ್ನ ಅಂಚಿನ ಅಂಟಿಗೆ ಬಿಸಿ ತಲುಪದ್ದೂ ಒಂದು ಕಾರಣ. ಓವನ್ ಇದ್ದವರು 230 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಮಗುಚಿಡಬಹುದು. ಆರಿದ ಮೇಲೆ ಬೆರಳಿಂದ ಮುಟ್ಟಿದರೆ ಒಣಗಿ ನುಣುಪಾಗಿರಬೇಕು. ಅಂಟಿದರೆ ಹೊಸ ಎಣ್ಣೆ ಹಚ್ಚದೆ ಸುಮ್ನೆ ಇನ್ನೊಂದು ಸಲ ಕಾಯಿಸಿ. ತೆಳು ಅಂಟಾದರೆ ಅಷ್ಟಕ್ಕೇ ಗಟ್ಟಿಯಾಗುತ್ತದೆ.

ನನ್ನ ಕಾವಲಿ ಮೊದಲ ಸುತ್ತಿಗೆ ಕಂದಾಯಿತು, ನಾಲ್ಕನೆಯದಕ್ಕೆ ಕಪ್ಪಾಯಿತು. ಮೊದಲ ಎರಡು ದೋಸೆ ಹಿಡಿದುಕೊಂಡವು, ಮೂರನೆಯದು ತಾನಾಗಿ ಎದ್ದಿತು. ಮುಂದಿನ ಸಲ ಊರಿಗೆ ಹೋಗುವಾಗ ಹಸಿ ಎಣ್ಣೆ ಬಳಿದಿಡುವುದಿಲ್ಲ. ಉರಿಯ ಮೇಲೆ ಒಣಗಿಸಿ, ಒಂದು ಹನಿ ಎಣ್ಣೆ ಒರೆಸಿ ಹೊಗೆ ನಿಲ್ಲುವವರೆಗೆ ಕಾಯಿಸಿ, ಆರಿದ ಮೇಲೆ ಹಳೆ ಪೇಪರಿನಲ್ಲಿ ಸುತ್ತಿಡುತ್ತೇನೆ.