ಮಿನಿಟ್ಸ್ ಕಳಿಸಿದ ಮೇಲೂ ಡಕ್ಟ್ ಬೀಮಿಗೆ ಬಡಿಯುವುದೇಕೆ?

ಪ್ರಶ್ನೆ: ಮೈಸೂರಿನ ರಿಂಗ್ ರೋಡ್ ಹತ್ತಿರ ಒಂದು ಆಸ್ಪತ್ರೆ ಕಟ್ಟಡದ ಕೆಲಸ ನೋಡ್ಕೊಳ್ತಿದ್ದೀನಿ. ಸ್ಟ್ರಕ್ಚರಲ್, ಎಸಿ, ಎಲೆಕ್ಟ್ರಿಕಲ್ ಮೂವರೂ ಮೀಟಿಂಗಲ್ಲಿ ಒಪ್ಪುತ್ತಾರೆ. ಮುಂದಿನ ವಾರ ಮತ್ತೆ ಅದೇ ಮಾತು. ಮಿನಿಟ್ಸ್ ಹೇಗೆ ಬರೆಯಬೇಕು?

ಉತ್ತರ: ನೀವು ಕಳಿಸಿದ ಮಿನಿಟ್ಸ್‌ನ ಸಾಲು ಹೀಗಿದೆ: ‘ಕಾರಿಡಾರ್ ಡಕ್ಟ್ ವಿಷಯವನ್ನು ಎರಡೂ ತಂಡದವರು ಕೂತು ಬೇಗ ಬಗೆಹರಿಸುವುದು.’ ಯಾರು ಮೊದಲು ಕೂರಬೇಕು? ಇಬ್ಬರೂ ಇನ್ನೊಬ್ಬರ ಫೋನ್‌ಗೆ ಕಾಯುತ್ತಾರೆ, ಅಷ್ಟೇ.

ಮೊದಲು ಸಮಸ್ಯೆಯನ್ನು ಅಳತೆಯಲ್ಲಿ ಬರೆಯಿರಿ. ನಿಮ್ಮ ಮಹಡಿ ಎತ್ತರ 3600 ಮಿ.ಮೀ., ಸ್ಲ್ಯಾಬ್ ಸೇರಿ ಬೀಮ್ 600. ಬೀಮ್ ಕೆಳಗೆ ಉಳಿಯುವುದು 3000. ಫಾಲ್ಸ್ ಸೀಲಿಂಗ್ 2700ಕ್ಕೆ ಬೇಕು. ಸೀಲಿಂಗ್ ಫ್ರೇಮ್ ಮತ್ತು ಲೈಟಿಗೆ 100 ಬಿಟ್ಟರೆ ಸಿಗುವ ಜಾಗ 200. ಡಕ್ಟ್ 800×350, ಮೇಲೆ ಕೆಳಗೆ 25ರಂತೆ ಇನ್ಸುಲೇಶನ್ ಸೇರಿ 400. ‘200 ಮಿ.ಮೀ. ಕಮ್ಮಿ’ ಅಂತ ಬರೆದ ಮೇಲೆ ‘ಹೇಗೋ ಹೊಂದಿಸೋಣ’ ಅನ್ನುವವರು ಸುಮ್ಮನಾಗುತ್ತಾರೆ.

ಬೀಮ್ ಆಳವನ್ನು 450ಕ್ಕೆ ಇಳಿಸಿದರೆ 350 ಜಾಗ ಸಿಗುತ್ತದೆ. 950×300 ಡಕ್ಟ್ ಅದರಲ್ಲಿ ಸರಿಯಾಗಿ ಕೂರುತ್ತದೆ, ಗಾಳಿ ಹೋಗುವ ವಿಸ್ತೀರ್ಣವೂ ಹೆಚ್ಚುಕಮ್ಮಿ ಅಷ್ಟೇ. ಆದರೆ ಡಕ್ಟ್ ಕೆಳಗೆ ಕೇಬಲ್ ಟ್ರೇ ದಾಟಲು ಜಾಗ ಇರಲ್ಲ. ಅದು ಪಕ್ಕಕ್ಕೆ ಹೋಗಬೇಕು. ಆಳ ಕಮ್ಮಿಯಾದ ಬೀಮಿನ ಬಲ, ಬಾಗುವಿಕೆ ಎರಡನ್ನೂ ಸ್ಟ್ರಕ್ಚರಲ್‌ನವರೇ ಲೆಕ್ಕ ಹಾಕಿ ಹೇಳಬೇಕು. ಮೀಟಿಂಗಲ್ಲಿ ತಲೆಯಾಡಿಸಿದ್ದನ್ನು ಒಪ್ಪಿಗೆ ಅಂತ ಬರೆಯಬೇಡಿ.

ಹಾಗಾಗಿ ಆ ಒಂದು ಸಾಲು ಮೂರಾಗುತ್ತದೆ. ಆಗಸ್ಟ್ 3ಕ್ಕೆ ಮೀಟಿಂಗ್ ಅಂತಿಟ್ಟುಕೊಳ್ಳಿ:

12ಎ: ಹೊಸ ಡಕ್ಟ್ ಅಳತೆ, ದಾರಿ ತೋರಿಸುವ ಸ್ಕೆಚ್. ಎಸಿ ಇಂಜಿನಿಯರ್, ಆಗಸ್ಟ್ 5.
12ಬಿ: 450 ಬೀಮ್ ಆಗುತ್ತದೋ ಇಲ್ಲವೋ, ಲೆಕ್ಕ ಸಮೇತ ಉತ್ತರ; ಆಗುವುದಾದರೆ ತಿದ್ದಿದ ಡ್ರಾಯಿಂಗ್ ಕೂಡ. ಸ್ಟ್ರಕ್ಚರಲ್ ಇಂಜಿನಿಯರ್, ಆಗಸ್ಟ್ 10. 12ಎ ಬಂದ ಮೇಲೆ.
12ಸಿ: ಟ್ರೇ ಪಕ್ಕಕ್ಕೆ ಸರಿಸಿದ ಡ್ರಾಯಿಂಗ್. ಎಲೆಕ್ಟ್ರಿಕಲ್ ಇಂಜಿನಿಯರ್, ಆಗಸ್ಟ್ 12. 12ಬಿ ಬಂದ ಮೇಲೆ.

ಹುದ್ದೆ ಇರುವ ಕಡೆ ನೀವು ವ್ಯಕ್ತಿಯ ಹೆಸರು ಹಾಕಿ. ಒಂದು ಸಾಲಿಗೆ ಒಂದೇ ಹೆಸರು. ಬೆಂಗಳೂರಿನಿಂದ ವಿಡಿಯೋದಲ್ಲಿ ಸೇರಿದವರು, ಆವತ್ತು ಬರದವರು ಇದ್ದರೆ ಅವರಿಗೆ ಫೋನ್ ಮಾಡಿ ತಾರೀಖು ಒಪ್ಪಿಸಿಕೊಂಡೇ ಬರೆಯಿರಿ.

ತಾರೀಖು ಎಲ್ಲಿಂದ ಬಂತು? ಆ ಬೀಮಿನ ಸೆಂಟ್ರಿಂಗ್ ಆಗಸ್ಟ್ 14ಕ್ಕೆ ಶುರು ಅಂದರೆ ಅಲ್ಲಿಂದ ಹಿಂದಕ್ಕೆ ಎಣಿಸಬೇಕು. ‘ಮುಂದಿನ ಮೀಟಿಂಗ್ ಒಳಗೆ’ ಅಂದರೆ ಮೀಟಿಂಗೇ ಮುಂದಕ್ಕೆ ಹೋದಾಗ ಗಡುವೂ ಹೋಗುತ್ತದೆ, ಅಲ್ವಾ?

ಗಡುವು ತಪ್ಪಿದರೆ ಹಳೆ ತಾರೀಖು ಅಳಿಸಬೇಡಿ. ಪಕ್ಕದಲ್ಲೇ ಹೊಸದನ್ನೂ ಕಾರಣವನ್ನೂ ಹಾಕಿ. 12ಎ ಎರಡು ದಿನ ತಡವಾದರೆ 12ಬಿಯವರನ್ನು ಬೈದು ಪ್ರಯೋಜನ ಇಲ್ಲ ಅನ್ನುವುದು ಆಗ ಕಣ್ಣಿಗೇ ಕಾಣುತ್ತದೆ. ‘ಆಯ್ತು ಸರ್, ಮಾಡ್ಬಿಟ್ಟೆ’ ಅಂದದ್ದಕ್ಕೆ ಸಾಲು ಮುಚ್ಚಬೇಡಿ. ಡ್ರಾಯಿಂಗ್ ನಂಬರ್, ರಿವಿಜನ್ ನಂಬರ್ ಬರೆಯುವ ತನಕ ಅದು ಬಾಕಿಯೇ.