ಖಾನಾವಳಿಯ ಹ್ಯಾಷ್‌ಟ್ಯಾಗ್ ಕನ್ನಡ ಲಿಪಿಯಲ್ಲಿರಬೇಕೇ, ಇಂಗ್ಲಿಷ್ ಅಕ್ಷರಗಳಲ್ಲಿರಬೇಕೇ?

ಪ್ರಶ್ನೆ: ಬೆಂಗಳೂರಿನ ವಿಜಯನಗರದಲ್ಲಿ ನಾವು ಉತ್ತರ ಕರ್ನಾಟಕದ ಊಟದ ಸಣ್ಣ ಖಾನಾವಳಿ ನಡೆಸುತ್ತಿದ್ದೇವೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಸಂಜೆ ಹೊತ್ತಿಗೆ ಗಿರ್ಮಿಟ್ ಮತ್ತು ಮಿರ್ಚಿ ನಮ್ಮ ವಿಶೇಷ. ಇನ್‌ಸ್ಟಾಗ್ರಾಂನಲ್ಲಿ ವಿಡಿಯೊ ಹಾಕುತ್ತೇವೆ, ಆದರೆ ನೋಡುವವರು ಬಹುತೇಕ ಪರಿಚಯದವರೇ. ಹೊಸಬರಿಗೆ ನಾವು ಕಾಣಿಸಿಕೊಳ್ಳಬೇಕಾದರೆ ಹ್ಯಾಷ್‌ಟ್ಯಾಗ್‌ಗಳನ್ನು ಕನ್ನಡದಲ್ಲಿ ಬರೆಯಬೇಕೇ, ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕೇ?

ಉತ್ತರ: ನಿಮ್ಮಂಥ ಹೋಟೆಲಿಗೆ ಎರಡೂ ಬೇಕು, ಆದರೆ ಒಂದೇ ಪಟ್ಟಿಯನ್ನು ಎರಡು ಲಿಪಿಗಳಲ್ಲಿ ಬರೆದುಬಿಟ್ಟರೆ ಪ್ರಯೋಜನವಿಲ್ಲ. ಲಿಪಿಯನ್ನು ಇಡೀ ಹೋಟೆಲಿಗೆ ಒಂದೇ ಸಲ ತೀರ್ಮಾನಿಸದೆ, ಪ್ರತಿಯೊಂದು ಪದಕ್ಕೂ ಬೇರೆಯಾಗಿ ತೀರ್ಮಾನಿಸಬೇಕು. ಆ ಪದವನ್ನು ಹುಡುಕಾಟದ ಪಟ್ಟಿಯಲ್ಲಿ ಒತ್ತುವವರು ಯಾರು, ಅವರ ಬೆರಳು ಯಾವ ಅಕ್ಷರಗಳಿಗೆ ಹೋಗುತ್ತದೆ ಎಂಬುದೇ ಇಲ್ಲಿ ಮುಖ್ಯವಾದ ಪ್ರಶ್ನೆ.

ಮೊದಲು ಹ್ಯಾಷ್‌ಟ್ಯಾಗಿನಿಂದ ಎಷ್ಟು ನಿರೀಕ್ಷಿಸಬಹುದು ಎಂಬುದನ್ನು ತಿಳಿದಿರುವುದು ಒಳ್ಳೆಯದು. ಇನ್‌ಸ್ಟಾಗ್ರಾಂನಲ್ಲಿ ಹಿಂದೆ ಒಂದು ಹ್ಯಾಷ್‌ಟ್ಯಾಗನ್ನೇ ಅನುಸರಿಸುವ ಅವಕಾಶವಿತ್ತು. 2024ರ ಡಿಸೆಂಬರ್‌ನಲ್ಲಿ ಅದನ್ನು ತೆಗೆದುಹಾಕಲಾಯಿತು. ಹೀಗಾಗಿ ಇಂದು ಹ್ಯಾಷ್‌ಟ್ಯಾಗಿನ ಕೆಲಸ ಮುಖ್ಯವಾಗಿ ಎರಡು: ಹುಡುಕಿದವರಿಗೆ ನಿಮ್ಮ ಪೋಸ್ಟ್ ಸಿಗುವಂತೆ ಮಾಡುವುದು, ಮತ್ತು ಈ ಪೋಸ್ಟ್ ಯಾವ ವಿಷಯದ್ದು ಎಂದು ವೇದಿಕೆಗೆ ಸೂಚನೆ ಕೊಡುವುದು. ಮೂರರಿಂದ ಐದು ಹ್ಯಾಷ್‌ಟ್ಯಾಗ್‌ಗಳು ಸಾಕೆಂದು ಇನ್‌ಸ್ಟಾಗ್ರಾಂ 2021ರಲ್ಲಿಯೇ ಸಲಹೆ ಕೊಟ್ಟಿತ್ತು. ಐದೇ ಜಾಗಗಳಿವೆ ಎಂದುಕೊಂಡು ಹೊರಟರೆ ಲಿಪಿಯ ಪ್ರಶ್ನೆ ನಿಜವಾದ ಆಯ್ಕೆಯಾಗುತ್ತದೆ, ಏಕೆಂದರೆ ಒಂದು ಕನ್ನಡ ಪದ ಒಳಗೆ ಬಂದರೆ ಒಂದು ಇಂಗ್ಲಿಷ್ ಅಕ್ಷರದ ಪದ ಹೊರಗೆ ಹೋಗಬೇಕಾಗುತ್ತದೆ.

ಬೆಂಗಳೂರಿನಲ್ಲಿ ಊಟ ಹುಡುಕುವವರನ್ನು ಕನ್ನಡಿಗರು ಮತ್ತು ಹೊರಗಿನವರು ಎಂದು ಎರಡಾಗಿ ವಿಂಗಡಿಸಿ, ಮೊದಲಿನವರಿಗೆ ಕನ್ನಡ ಲಿಪಿ, ಉಳಿದವರಿಗೆ ಇಂಗ್ಲಿಷ್ ಎಂದು ತೀರ್ಮಾನಿಸುವುದು ಸಾಮಾನ್ಯವಾಗಿ ಕಾಣುವ ತಪ್ಪು. ಮನೆಯಲ್ಲಿ ಕನ್ನಡವನ್ನೇ ಆಡುವ, ಕನ್ನಡ ಪತ್ರಿಕೆಯನ್ನು ಓದುವ ಎಷ್ಟೋ ಜನ ಮೊಬೈಲಿನಲ್ಲಿ ಮಾತ್ರ ಕನ್ನಡ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತುತ್ತಾರೆ. ಧಾರವಾಡದಿಂದ ಬಂದು ನಿಮ್ಮ ಬಡಾವಣೆಯಲ್ಲಿ ಬಾಡಿಗೆಗಿರುವ ಹುಡುಗ ರೊಟ್ಟಿ ಊಟ ಹುಡುಕುವಾಗ `jolada rotti` ಎಂದು ಒತ್ತುವ ಸಾಧ್ಯತೆಯೇ ಹೆಚ್ಚು. ಆದ್ದರಿಂದ ಇಂಗ್ಲಿಷ್ ಅಕ್ಷರದ ಟ್ಯಾಗನ್ನು ಪೂರ್ತಿ ಕೈಬಿಟ್ಟರೆ ನೀವು ಕನ್ನಡಿಗರನ್ನೇ ಕಳೆದುಕೊಳ್ಳುತ್ತೀರಿ. ಇದನ್ನು ಭಾಷಾಭಿಮಾನದ ಕೊರತೆ ಎಂದು ನಾನು ಭಾವಿಸುವುದಿಲ್ಲ. ಅದು ಬೆರಳಿಗಾದ ರೂಢಿ, ವ್ಯಾಪಾರಿಯು ರೂಢಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಇಂಗ್ಲಿಷ್ ಅಕ್ಷರಗಳ ದೊಡ್ಡ ತೊಂದರೆಯೆಂದರೆ ಕಾಗುಣಿತಕ್ಕೆ ಅಲ್ಲಿ ಸ್ಥಿರತೆಯಿಲ್ಲ. ನಿಮ್ಮ ರೊಟ್ಟಿಯೊಂದನ್ನೇ ನೋಡಿ: `#joladarotti`, `#joladrotti`, `#jolada_rotti`, `#joladaroti`, `#jowarroti`. ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದ ಲೆಕ್ಕಕ್ಕಿಲ್ಲ, ಆದರೆ ಒಂದು ಅಕ್ಷರ ಅಥವಾ ಒಂದು ಅಡಿಗೆರೆ ಬದಲಾದರೂ ಅದು ಬೇರೆಯದೇ ಟ್ಯಾಗ್. ಐದನ್ನೂ ಹಾಕಿದರೆ ನಿಮ್ಮ ಐದು ಜಾಗಗಳೂ ಒಂದೇ ರೊಟ್ಟಿಗೆ ಮುಗಿದುಹೋಗುತ್ತವೆ. ಇವುಗಳಲ್ಲಿ ಒಂದನ್ನು ಆರಿಸಲು, ಪ್ರತಿಯೊಂದನ್ನೂ ಹುಡುಕಾಟದಲ್ಲಿ ಒತ್ತಿ ಮೊದಲು ಕಾಣುವ ಹತ್ತು ಹನ್ನೆರಡು ಪೋಸ್ಟ್‌ಗಳನ್ನು ನೋಡಿ. ಪಕ್ಕದಲ್ಲಿರುವ ಒಟ್ಟು ಸಂಖ್ಯೆಗಿಂತ ಈ ಪೋಸ್ಟ್‌ಗಳೇ ಹೆಚ್ಚು ಹೇಳುತ್ತವೆ. ಅವು ಹೋಟೆಲುಗಳವೇ, ಮನೆಯಡುಗೆಯ ವಿಧಾನಗಳೇ? ಬೆಂಗಳೂರಿನವೇ? ಈಚಿನವೇ? `#jowarroti` ಎಂಬುದು ಮಹಾರಾಷ್ಟ್ರದಲ್ಲಿ ಭಾಕರಿ ತಟ್ಟುವವರಿಗೂ, ತೂಕ ಇಳಿಸಲು ಗೋಧಿ ಬಿಟ್ಟವರಿಗೂ ಸೇರಿದ ಪದ. ಅದನ್ನು ಹುಡುಕಿದವರಿಗೆ ಬೇಕಾಗಿರುವುದು ಹಿಟ್ಟು ನಾದುವ ಕ್ರಮವೇ ಹೊರತು ವಿಜಯನಗರದ ಊಟವಲ್ಲ. `#joladarotti` ಎಂದು ಹುಡುಕುವವರಿಗೆ ಕನ್ನಡನಾಡಿನ ಊಟದ ಪರಿಚಯ ಇದ್ದೇ ಇರುತ್ತದೆ. ಸಂಖ್ಯೆ ಚಿಕ್ಕದಾದರೂ ನಾನು ಎರಡನೆಯದನ್ನೇ ಆರಿಸುತ್ತೇನೆ.

ಕನ್ನಡ ಲಿಪಿಯ ಬಲ ಇಲ್ಲಿಯೇ ಇದೆ. `#ಖಾನಾವಳಿ` ಎಂದು ಬರೆಯಲು ಹೆಚ್ಚುಕಡಿಮೆ ಒಂದೇ ದಾರಿ. ಇಂಗ್ಲಿಷ್ ಅಕ್ಷರಗಳಲ್ಲಾದರೆ `khanavali`, `khanavalli`, `kanavali` ಎಂದು ಅದು ಚದುರಿಹೋಗುತ್ತದೆ. ಕನ್ನಡ ಲಿಪಿಯಲ್ಲಿ ಹುಡುಕುವವರು ಸಂಖ್ಯೆಯಲ್ಲಿ ಕಡಿಮೆ ಇರಬಹುದು, ಆದರೆ ಅಲ್ಲಿ ಪೈಪೋಟಿಯೂ ಕಡಿಮೆ. `#bangalorefood` ಎಂಬ ಟ್ಯಾಗಿನಲ್ಲಿ ನಿಮ್ಮ ವಿಡಿಯೊ ಬಿರಿಯಾನಿ, ಮೊಮೊ, ಕಾಫಿ ಅಂಗಡಿಗಳ ನಡುವೆ ಬೇಗನೆ ಕೆಳಗೆ ಸರಿಯುತ್ತದೆ. ಕನ್ನಡದ ಟ್ಯಾಗಿನಲ್ಲಿ ಅದು ಬಹಳ ದಿನ ಕಣ್ಣಿಗೆ ಬೀಳುವ ಜಾಗದಲ್ಲಿ ಉಳಿಯಬಹುದು.

ಆದರೆ ಕನ್ನಡ ಟ್ಯಾಗುಗಳು ಕೆಡುವ ರೀತಿಯೇ ಬೇರೆ, ಮತ್ತು ಅದನ್ನು ಯಾರೂ ಹೇಳಿಕೊಡುವುದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೊದಲನೆಯದು ವಿಭಕ್ತಿ ಪ್ರತ್ಯಯ. "#ಬೆಂಗಳೂರಿನಲ್ಲಿ ಅಪ್ಪಟ #ಖಾನಾವಳಿಯ ಊಟ" ಎಂದು ವಾಕ್ಯದೊಳಗೇ ಟ್ಯಾಗ್ ಹೆಣೆಯುವುದು ನೋಡಲು ಚೆನ್ನಾಗಿರುತ್ತದೆ. ಆದರೆ ವೇದಿಕೆಯ ಲೆಕ್ಕದಲ್ಲಿ `#ಬೆಂಗಳೂರಿನಲ್ಲಿ` ಬೇರೆ, `#ಬೆಂಗಳೂರು` ಬೇರೆ. ಇಂಗ್ಲಿಷಿನಲ್ಲಿ ಪದದ ರೂಪ ಅಷ್ಟಾಗಿ ಬದಲಾಗುವುದಿಲ್ಲವಾದ್ದರಿಂದ ಆ ತೊಂದರೆ ಅಲ್ಲಿ ಕಾಣುವುದಿಲ್ಲ. ಕನ್ನಡ ಟ್ಯಾಗುಗಳನ್ನು ಯಾವಾಗಲೂ ಪ್ರತ್ಯಯವಿಲ್ಲದ ರೂಪದಲ್ಲಿ, ಬರಹದ ಕೊನೆಯಲ್ಲಿ ಪ್ರತ್ಯೇಕವಾಗಿ ಇಡಿ.

ಎರಡನೆಯದು ಪದಗಳನ್ನು ಕೂಡಿಸುವ ಬಗೆ. `#ಜೋಳದ ರೊಟ್ಟಿ` ಎಂದು ಜಾಗ ಬಿಟ್ಟರೆ ಟ್ಯಾಗ್ ಆಗುವುದು "ಜೋಳದ" ಎಂಬಷ್ಟೇ. ಕೂಡಿಸಿ `#ಜೋಳದರೊಟ್ಟಿ` ಎಂದು ಬರೆಯಬೇಕು. "ಸ್ಟ್ರೀಟ್‌ಫುಡ್" ಎಂಬಂತಹ ಪದಗಳಲ್ಲಿ ಇನ್ನೂ ಸೂಕ್ಷ್ಮವಾದ ತೊಡಕಿದೆ. ಟ್ ಎಂಬ ಅರ್ಧಾಕ್ಷರದ ಬಳಿಕ ಫು ಅಕ್ಷರವು ಒತ್ತಾಗಿ ಕೆಳಗೆ ಇಳಿಯದಂತೆ ಕೀಲಿಮಣೆಯು ಅಲ್ಲಿ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಸೇರಿಸುತ್ತದೆ. ಆ ಸಂಕೇತವಿಲ್ಲದೆ ಬರೆದರೆ ಅದೇ ಪದ "ಸ್ಟ್ರೀಟ್ಫುಡ್" ಎಂದಾಗುತ್ತದೆ. ಒಬ್ಬರು ಸಂಕೇತದೊಡನೆ, ಇನ್ನೊಬ್ಬರು ಅದಿಲ್ಲದೆ ಬರೆದರೆ ಎರಡೂ ಬೇರೆ ಟ್ಯಾಗುಗಳಾಗುವ ಅಪಾಯವಿದೆ. ಕೆಲವೆಡೆ ಟ್ಯಾಗ್ ಆ ಸಂಕೇತದ ಬಳಿಯೇ ತುಂಡಾಗುತ್ತದೆ. ಪೋಸ್ಟ್ ಮಾಡಿದ ಮೇಲೆ ಪದದ ಕೊನೆಯವರೆಗೂ ಟ್ಯಾಗಿನ ಬಣ್ಣ ಬಂದಿದೆಯೇ, ಒತ್ತಿದರೆ ಪೂರ್ತಿ ಪದದ ಪುಟವೇ ತೆರೆಯುತ್ತದೆಯೇ ಎಂದು ನೋಡಿದರೆ ಇದು ತಿಳಿಯುತ್ತದೆ. ಪದದ ನಡುವೆ ಅರ್ಧಾಕ್ಷರ ಹೀಗೆ ನಿಲ್ಲುವ ಪದಗಳನ್ನು ಕನ್ನಡ ಟ್ಯಾಗಾಗಿ ಆರಿಸದಿರುವುದೇ ಸುಲಭ. ಹೇಗೂ ಅಂತಹ ಪದಗಳು ಬಹುಪಾಲು ಇಂಗ್ಲಿಷಿನಿಂದ ಬಂದವು, ಅವನ್ನು ಹುಡುಕುವವರೂ ಇಂಗ್ಲಿಷಿನಲ್ಲೇ ಹುಡುಕುತ್ತಾರೆ.

ಮೆನು ಕಾರ್ಡನ್ನು ಡಿಟಿಪಿ ಅಂಗಡಿಯಲ್ಲಿ ಮಾಡಿಸಿದ್ದರೆ ಅಲ್ಲಿಂದ ಪದಗಳನ್ನು ನಕಲು ಮಾಡಿ ತರಬೇಡಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಜೋಡಿಸಿದ ಪಠ್ಯವು ಯೂನಿಕೋಡ್ ಅಲ್ಲದ ಕಾರಣ ಮೊಬೈಲಿನಲ್ಲಿ ಅಂಟಿಸಿದಾಗ ಅರ್ಥವಿಲ್ಲದ ಚಿಹ್ನೆಗಳ ಗೋಜಲಾಗಿ ಕಾಣುತ್ತದೆ. ಮೊಬೈಲಿನ ಕನ್ನಡ ಕೀಲಿಮಣೆಯಲ್ಲಿ ಒಮ್ಮೆ ಬರೆದು ಉಳಿಸಿಟ್ಟುಕೊಂಡರೆ ಸಾಕು.

ಊರಿನ ಮತ್ತು ಬಡಾವಣೆಯ ಹೆಸರಿನ ವಿಷಯದಲ್ಲಿ ನಿಮಗೆ ವಿಶೇಷವಾದ ತೊಂದರೆಯಿದೆ. `#vijayanagar` ಎಂದರೆ ಬೆಂಗಳೂರಿನ ಬಡಾವಣೆಯೂ ಹೌದು, ಮೈಸೂರಿನದೂ ಹೌದು, ಇಂದೋರಿನದೂ ಹೌದು. ಕನ್ನಡ ಲಿಪಿಗೆ ಬಂದರೆ ಇಂದೋರ್ ತಪ್ಪುತ್ತದೆ ನಿಜ, ಆದರೆ `#ವಿಜಯನಗರ` ಎಂಬಲ್ಲಿ ಹಂಪಿಯ ಸಾಮ್ರಾಜ್ಯವೂ 2021ರಲ್ಲಿ ರಚನೆಯಾದ ಹೊಸ ಜಿಲ್ಲೆಯೂ ತುಂಬಿಕೊಂಡಿರುತ್ತವೆ. ಹೀಗಾಗಿ ಬಡಾವಣೆಯ ಹೆಸರಿಗೆ ಊರಿನ ಹೆಸರನ್ನು ಜೋಡಿಸಲೇಬೇಕು, ಮತ್ತು ಈ ಒಂದು ಪದಕ್ಕೆ ಇಂಗ್ಲಿಷ್ ಅಕ್ಷರಗಳೇ ಸರಿ, ಏಕೆಂದರೆ ಹತ್ತಿರದಲ್ಲಿ ಎಲ್ಲಿ ಊಟ ಸಿಗುತ್ತದೆ ಎಂದು ಹುಡುಕುವವರಲ್ಲಿ ಎಲ್ಲ ಭಾಷೆಯವರೂ ಇರುತ್ತಾರೆ. ಊರಿನ ಅಧಿಕೃತ ಇಂಗ್ಲಿಷ್ ಹೆಸರು 2014ರ ನವೆಂಬರ್ 1ರಿಂದ Bengaluru ಆಗಿದ್ದರೂ ಊಟದ ಟ್ಯಾಗುಗಳಲ್ಲಿ bangalore ಎಂಬ ಹಳೆಯ ರೂಪ ಇಂದಿಗೂ ಗಟ್ಟಿಯಾಗಿ ಉಳಿದಿದೆ. ನಿಮ್ಮ ಬರಹದಲ್ಲಿ ಬೆಂಗಳೂರು ಎಂದೇ ಬರೆಯಿರಿ, ಟ್ಯಾಗಿನಲ್ಲಿ ಮಾತ್ರ ಹುಡುಕುವವರ ರೂಢಿಗೆ ಹೊಂದಿಕೊಳ್ಳಿ.

ಇಷ್ಟನ್ನೂ ಸೇರಿಸಿದರೆ ರೊಟ್ಟಿ ಊಟದ ವಿಡಿಯೊಗೆ ನಾನು ಸೂಚಿಸುವ ಐದು ಟ್ಯಾಗುಗಳು ಇವು:

```
#northkarnatakafood #joladarotti #vijayanagarbangalore #ಜೋಳದರೊಟ್ಟಿ #ಖಾನಾವಳಿ
```

ಮೊದಲನೆಯದು ಈ ಊಟದ ಹೆಸರು ಗೊತ್ತಿಲ್ಲದ, ಆದರೆ ಹೊಸ ರುಚಿ ಹುಡುಕುವ ಅನ್ಯಭಾಷಿಕರಿಗೆ. ರೊಟ್ಟಿ ಮಾತ್ರ ಎರಡೂ ಲಿಪಿಗಳಲ್ಲಿದೆ, ಏಕೆಂದರೆ ಈ ಊಟದ ಪದಾರ್ಥಗಳಲ್ಲಿ ಎರಡೂ ಬಗೆಯವರು ಹೆಸರು ಹಿಡಿದು ಹುಡುಕುವುದು ಅದೊಂದನ್ನೇ. ಗಿರ್ಮಿಟ್ ವಿಡಿಯೊ ಆದರೆ ಎರಡು ರೊಟ್ಟಿಗಳ ಜಾಗಕ್ಕೆ `#girmit` ಮತ್ತು `#ಗಿರ್ಮಿಟ್` ಬರಲಿ. ಐಟಿ ಕಚೇರಿಗಳ ಪಕ್ಕದಲ್ಲಿ ಚಹಾ ತಿಂಡಿ ಮಾರುವವರಿಗೆ ನಾನು ಒಂದಕ್ಕಿಂತ ಹೆಚ್ಚು ಕನ್ನಡ ಟ್ಯಾಗನ್ನು ಸೂಚಿಸುತ್ತಿರಲಿಲ್ಲ. ಹಬ್ಬಕ್ಕೆ ಹೋಳಿಗೆ, ಚಟ್ನಿಪುಡಿ ಮಾಡಿಕೊಡುವವರಿಗೆ ಮೂರು ಕನ್ನಡದವನ್ನೇ ಹೇಳುತ್ತಿದ್ದೆ.

ಟ್ಯಾಗಿನಲ್ಲಿ ಜಾಗ ಸಿಗದ ಕನ್ನಡವನ್ನು ಬೇರೆಡೆ ಧಾರಾಳವಾಗಿ ಬಳಸಬಹುದು. ಹುಡುಕಾಟವು ಹ್ಯಾಷ್‌ಟ್ಯಾಗನ್ನಷ್ಟೇ ಅಲ್ಲದೆ ಖಾತೆಯ ಹೆಸರು, ಪರಿಚಯದ ಸಾಲು, ಪೋಸ್ಟಿನ ಬರಹ, ಸ್ಥಳದ ಗುರುತು ಇವುಗಳನ್ನೂ ನೋಡುತ್ತದೆ. @ ಚಿಹ್ನೆಯ ಮುಂದಿನ ಬಳಕೆದಾರ ಹೆಸರಿಗೆ ಇಂಗ್ಲಿಷ್ ಅಕ್ಷರ, ಅಂಕಿ, ಚುಕ್ಕಿ, ಅಡಿಗೆರೆ ಬಿಟ್ಟು ಬೇರೇನೂ ಸಲ್ಲುವುದಿಲ್ಲ. ಆದರೆ ಅದರ ಕೆಳಗಿನ ಹೆಸರಿನ ಜಾಗದಲ್ಲಿ ಕನ್ನಡ ಲಿಪಿ ಸಲ್ಲುತ್ತದೆ. ಅಲ್ಲಿ ಹೋಟೆಲಿನ ಹೆಸರಿನೊಂದಿಗೆ "ಜೋಳದ ರೊಟ್ಟಿ ಖಾನಾವಳಿ" ಎಂದು ಸೇರಿಸಿ. ಆ ಹೆಸರನ್ನು 14 ದಿನಗಳಲ್ಲಿ ಎರಡು ಬಾರಿ ಮಾತ್ರ ಬದಲಿಸಬಹುದಾದ್ದರಿಂದ ಮೊದಲೇ ಯೋಚಿಸಿ ಬರೆಯಿರಿ.

ಫಲ ಬಂದಿದೆಯೇ ಎಂದು ತಿಳಿಯಲು, ಒಂದು ತಿಂಗಳು ಒಂದೇ ಬಗೆಯ ವಿಡಿಯೊಗಳಿಗೆ ಒಂದು ವಾರ ಮೂರು ಇಂಗ್ಲಿಷ್ ಎರಡು ಕನ್ನಡ, ಮರುವಾರ ಎರಡು ಇಂಗ್ಲಿಷ್ ಮೂರು ಕನ್ನಡ ಎಂದು ಅದಲುಬದಲು ಮಾಡಿ. ಯಾವ ಟ್ಯಾಗಿನಿಂದ ಎಷ್ಟು ಜನ ಬಂದರು ಎಂದು ಇನ್‌ಸ್ಟಾಗ್ರಾಂ ಬಿಡಿಬಿಡಿಯಾಗಿ ತೋರಿಸುವುದಿಲ್ಲ. ನೀವು ನೋಡಬೇಕಾದದ್ದು ನಿಮ್ಮನ್ನು ಅನುಸರಿಸದವರ ಪಾಲು ಮತ್ತು ವೀಕ್ಷಕರ ಊರುಗಳ ಪಟ್ಟಿ. ಕನ್ನಡ ಟ್ಯಾಗು ಹೆಚ್ಚಿಸಿದ ವಾರ ಹುಬ್ಬಳ್ಳಿ, ಬೆಳಗಾವಿಗಳ ವೀಕ್ಷಕರು ಹೆಚ್ಚಾದರೆ ಸಂತೋಷವೇ, ಆದರೆ ಅವರು ಇಂದು ರಾತ್ರಿ ಊಟಕ್ಕೆ ಬರುವವರಲ್ಲ. ಹಾಗಾದಾಗ ಬಡಾವಣೆಯ ಟ್ಯಾಗನ್ನು ಕೈಬಿಡದಿರುವುದು ಮುಖ್ಯ. ಎಳ್ಳಮಾವಾಸ್ಯೆಯ ಆಸುಪಾಸಿನ ವಾರಗಳನ್ನು ಈ ಲೆಕ್ಕದಿಂದ ಹೊರಗಿಡಿ, ಏಕೆಂದರೆ ಆಗ ರೊಟ್ಟಿ, ಕಾಳುಪಲ್ಯಗಳ ಹುಡುಕಾಟ ತಾನಾಗಿಯೇ ಏರುತ್ತದೆ. ಇವೆಲ್ಲಕ್ಕಿಂತ ನಂಬಬಹುದಾದ ಮಾಹಿತಿ ಗಲ್ಲಾಪೆಟ್ಟಿಗೆಯ ಬಳಿಯೇ ಸಿಗುತ್ತದೆ: ಹೊಸಬರು ಹಣ ಕೊಡುವಾಗ, "ನಮ್ಮನ್ನು ಮೊಬೈಲಿನಲ್ಲಿ ಹುಡುಕಿದಿರಾ, ಏನೆಂದು ಬರೆದು ಹುಡುಕಿದಿರಿ?" ಎಂದು ಕೇಳಿ, ಅವರು ಒತ್ತಿದ ಪದವನ್ನು ಅದೇ ಕಾಗುಣಿತದಲ್ಲಿ ಬರೆದಿಟ್ಟುಕೊಳ್ಳಿ.